‘ಬಿ’ ಅನ್ನೋ ಒಂದು ಅಕ್ಷರಕ್ಕೆ ತಲೆ ಎಷ್ಟು ಒದ್ದೆ ಆಗಬೇಕು?

ಉಳ್ಳಾಲದವನು
ಬೆಂಗಳೂರಿಗೆ ಬಂದು ಎರಡು ವರ್ಷ ಆಯಿತು. ರೂಮಿನಲ್ಲಿ ನಾನು ಮತ್ತು ಹಾವೇರಿ ಕಡೆಯ ಒಬ್ಬ ಗೆಳೆಯ. ಕಳೆದ ಶುಕ್ರವಾರ ಆಫೀಸಿನಿಂದ ಜುಮಾಗೆ ಓಡುವಾಗ ಗಡಿಬಿಡಿಯಲ್ಲಿ ವುಝೂ, ಅಂದರೆ ನಮಾಜ್‌ಗೆ ಮುಂಚಿನ ಶುದ್ಧಿ, ಮಾಡಿದೆ. ಎರಡು ಬೆರಳು ಒದ್ದೆ ಮಾಡಿಕೊಂಡು ಮುಂದಲೆಗೆ ಹಾಗೇ ತಾಗಿಸಿದೆ, ಅಷ್ಟೇ. ನಮಾಜ್ ಮುಗಿದ ಮೇಲೆ ಗೆಳೆಯ ಹೇಳಿದ: "ನಿನ್ನ ವುಝೂನೇ ಆಗಿಲ್ಲ, ತಲೆಯ ಕಾಲು ಭಾಗವಾದರೂ ಸವರಬೇಕಿತ್ತು, ಇನ್ನೊಮ್ಮೆ ಮಾಡು." ನಮ್ಮ ಊರಿನ ಉಸ್ತಾದರು ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಒಂದು ಕೂದಲಿಗೆ ನೀರು ತಾಗಿದರೂ ಸಾಕು ಅಂತ.

ರಾತ್ರಿ ಊರಿಗೆ ಫೋನ್ ಮಾಡಿ ಕೇಳಿದರೆ ಉಸ್ತಾದರು ನಕ್ಕು, "ಇಬ್ಬರೂ ಸರಿ. ಎಲ್ಲ ಆ ‘ಬಿ’ ಮೇಲೆ ನಿಂತಿದೆ" ಅಂದು ಫೋನ್ ಇಟ್ಟರು. ಯಾವ ‘ಬಿ’? ಒಂದೇ ಕುರ್‌ಆನ್, ಒಂದೇ ವಾಕ್ಯ, ನಮಗೆ ಒಂದು ಕೂದಲು, ಅವರಿಗೆ ಕಾಲು ತಲೆ. ಇದು ಹೇಗೆ?

ಹುಬ್ಳಿ_ಭಾಯ್
ಸುಲಭ ಇದೆ. ಅರಬಿಯಲ್ಲಿ ‘ಬಿ’ ಬಂದರೆ ‘ಸ್ವಲ್ಪ ಭಾಗ’ ಅಂತ ಅರ್ಥ. ಸ್ವಲ್ಪ ಅಂದರೆ ಕಾಲು ಭಾಗ. ನಿಮ್ಮ ಗೆಳೆಯ ಹೇಳಿದ್ದೇ ಸರಿ. ನಮಾಜ್ ಇನ್ನೊಮ್ಮೆ ಮಾಡಿ, ವಾದ ಯಾಕೆ?

ದರ್ಸ್‌ಬೆಂಚು
ಭಾಯ್, ನೀವು ಹನಫಿ ತೀರ್ಪನ್ನು ಹೇಳುತ್ತಾ ಶಾಫಿಗಳ ವಾದ ಕೊಟ್ಟಿದ್ದೀರಿ. 😀 ಹನಫಿ, ಶಾಫಿ, ಮಾಲಿಕಿ, ಹಂಬಲಿ ಅನ್ನೋದು ನಾಲ್ಕು ಮದ್ಹಬ್‌ಗಳು, ಅಂದರೆ ಧರ್ಮಶಾಸ್ತ್ರದ ಪಂಥಗಳು. ‘ಬಿ’ ಅಂದರೆ ‘ಸ್ವಲ್ಪ ಭಾಗ’ ಅನ್ನೋದು ಶಾಫಿಗಳ ಮಾತು. ಕಾಲು ಭಾಗ ಅನ್ನೋ ಲೆಕ್ಕ ಆ ಅಕ್ಷರದಲ್ಲಿ ಎಲ್ಲೂ ಇಲ್ಲ, ಅದು ಬೇರೆ ಕಡೆಯಿಂದ ಬಂದಿದ್ದು.

ಮೊದಲಿನಿಂದ ಹೇಳುತ್ತೇನೆ. ಕುರ್‌ಆನಿನ ಐದನೇ ಸೂರಾ, ಅಲ್ ಮಾಇದಾ, ಆರನೇ ಆಯತ್, ಅಂದರೆ ಆರನೇ ವಾಕ್ಯ. ಮುಖ ತೊಳೆಯಿರಿ, ಕೈಗಳನ್ನು ಮೊಣಕೈವರೆಗೆ ತೊಳೆಯಿರಿ ಅಂತ ಬರುತ್ತದೆ. ಅಲ್ಲಿ ‘ಬಿ’ ಇಲ್ಲ. ಆಮೇಲೆ "ವಮ್‌ಸಹೂ ಬಿ-ರುಊಸಿಕುಂ" ಅಂತ ಬರುತ್ತದೆ. ಸವರಿರಿ, ಆಮೇಲೆ ‘ಬಿ’, ಆಮೇಲೆ ನಿಮ್ಮ ತಲೆಗಳು. ಗಮ್ಮತ್ತು ಏನೆಂದರೆ ‘ಸವರು’ ಅನ್ನೋ ಈ ಅರಬಿ ಕ್ರಿಯಾಪದಕ್ಕೆ ‘ಬಿ’ ಬೇಕೇ ಬೇಕು ಅಂತ ಇಲ್ಲ. ‘ತಲೆಯನ್ನು ಸವರು’ ಅಂತ ನೇರವಾಗಿ ಹೇಳಬಹುದು. ಬೇಡದ ಕಡೆ ಬಂದು ಕುಳಿತಿದೆಯಲ್ಲ, ಯಾಕೆ ಬಂತು? ಜಗಳ ಶುರುವಾಗೋದು ಇಲ್ಲಿಂದ.

ಶಾಫಿ ಪಂಡಿತರು ಹೇಳುತ್ತಾರೆ, ಬೇಡದ ಕಡೆ ಬಂದಿದೆ ಅಂದರೆ ಹೊಸ ಅರ್ಥ ಕೊಡೋದಕ್ಕೇ ಬಂದಿದೆ, ಆ ಅರ್ಥ ‘ಒಂದು ಭಾಗ’. ಎಷ್ಟು ಭಾಗ ಅಂತ ಹೇಳಿಲ್ಲವಾದ್ದರಿಂದ ಒಂದು ಕೂದಲು ಆದರೂ ಸಾಕು. ಮಾಲಿಕಿಗಳು, ಹಂಬಲಿಗಳು ಹೇಳುತ್ತಾರೆ, ‘ಬಿ’ ಕೆಲಸ ತಾಗಿಸೋದು ಅಷ್ಟೇ, ಕೈ ತಲೆಗೆ ತಾಗಬೇಕು ಅಂತ, ಭಾಗದ ಮಾತೇ ಇಲ್ಲ. ತಲೆ ಅಂದರೆ ಇಡೀ ತಲೆ. ಹನಫಿಗಳದು ಮೂರನೇ ದಾರಿ, ಸ್ವಲ್ಪ ಉದ್ದ ಇದೆ, ಊಟ ಮಾಡಿ ಬಂದು ಬರೆಯುತ್ತೇನೆ.

ಸುಮ್ನೆ_ಓದುಗ
ಒಂದು ಕೂದಲು, ಕಾಲು ತಲೆ, ಇಡೀ ತಲೆ. ಬೊಕ್ಕ ತಲೆಯವರ ಪಾಡೇನು ಸ್ವಾಮಿ?

ದರ್ಸ್‌ಬೆಂಚು
ಚರ್ಮ ಸವರಿದರೆ ಆಯಿತು. ಅದಕ್ಕೂ ಪುಸ್ತಕದಲ್ಲಿ ಜಾಗ ಇದೆ, ಚಿಂತೆ ಬೇಡ.

ಪದಕೋಶ
ನಾನು ಮುಸ್ಲಿಂ ಅಲ್ಲ, ಅರಬಿ ಬರೋದಿಲ್ಲ. ಕನ್ನಡ ಪಾಠ ಮಾಡಿ ನಿವೃತ್ತನಾದವನು. ಆದರೆ ಇದು ಓದಿ ಸುಮ್ನೆ ಕೂರಲು ಆಗಲಿಲ್ಲ. ನಮ್ಮಲ್ಲೂ ಇದು ಇದೆಯಲ್ಲ! ‘ಗೋಡೆಯನ್ನು ಒರೆಸಿದ’ ಅಂದರೆ ಇಡೀ ಗೋಡೆ ಕಣ್ಣ ಮುಂದೆ ಬರುತ್ತದೆ, ಬಟ್ಟೆ ಹಿಡಿದು ಮೇಲಿಂದ ಕೆಳಗೆ. ‘ಗೋಡೆಗೆ ಒರೆಸಿದ’ ಅಂದರೆ? ಊಟ ಮಾಡಿದ ಕೈಯನ್ನು ಗೋಡೆಗೆ ಒರೆಸಿದ. ಕೈ ಅಷ್ಟಗಲದ ಜಾಗ, ಅಷ್ಟೇ. ‘ಅನ್ನು’ ಹೋಗಿ ‘ಗೆ’ ಬಂದದ್ದಕ್ಕೆ ಗೋಡೆಯ ಅಳತೆಯೇ ಬದಲಾಯಿತು.

ಆದರೆ ಎದುರು ಉದಾಹರಣೆಯೂ ನಾನೇ ಕೊಡುತ್ತೇನೆ. ‘ಗೋಡೆಗೆ ಸುಣ್ಣ ಹೊಡೆದ’ ಅಂದರೆ ಇಡೀ ಗೋಡೆಗೇ. ಅಲ್ಲೂ ‘ಗೆ’ ಇದೆ. ಹಾಗಾಗಿ ಪ್ರತ್ಯಯ ಒಂದರಿಂದಲೇ ಅಳತೆ ಸಿಗುತ್ತದೆ ಅನ್ನೋದು ನನಗೆ ಅನುಮಾನ.

ದರ್ಸ್‌ಬೆಂಚು
ಮೇಷ್ಟ್ರೇ, ನಿಮಗೆ ದೊಡ್ಡ ಸಲಾಂ. ಹನಫಿ ಪಂಡಿತರು ನೂರಾರು ವರ್ಷದ ಹಿಂದೆ ಕೊಟ್ಟ ಉದಾಹರಣೆಯೇ ಗೋಡೆ! ‘ಗೋಡೆಯನ್ನು ಕೈಯಿಂದ ಸವರಿದೆ’ ಅಂದಾಗ ‘ಬಿ’ ಕೈಗೆ ಅಂಟುತ್ತದೆ, ಕ್ರಿಯೆ ಗೋಡೆಯನ್ನೆಲ್ಲ ಆವರಿಸುತ್ತದೆ. ‘ಕೈಯನ್ನು ಗೋಡೆಗೆ ಸವರಿದೆ’ ಅಂದಾಗ ‘ಬಿ’ ಗೋಡೆಗೆ ಅಂಟುತ್ತದೆ, ಆಗ ಕ್ರಿಯೆ ಆವರಿಸೋದು ಕೈಯನ್ನು. ಆಯತ್‌ನಲ್ಲಿ ‘ಬಿ’ ಅಂಟಿರೋದು ತಲೆಗೆ. ಹಾಗಾಗಿ ಇಡೀ ತಲೆ ಬೇಕಿಲ್ಲ, ಆದರೆ ಕೈಯ ಅಳತೆಯ ಒಂದು ಜಾಗವಾದರೂ ಬೇಕು, ಒಂದು ಕೂದಲು ಸಾಲದು. ಅವರಲ್ಲೇ ‘ಮೂರು ಬೆರಳಷ್ಟು’ ಅನ್ನೋ ಇನ್ನೊಂದು ಮಾತು ಇರೋದು ಇದೇ ಲೆಕ್ಕದಿಂದ.

ಕಾಲು ಭಾಗ ಬಂದಿದ್ದು ಹದೀಸಿನಿಂದ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಯಿಂದ. ಮುಗೀರಾ ಅನ್ನೋ ಸಹಾಬಿ, ಪ್ರವಾದಿಯವರ ಒಡನಾಡಿ, ಹೇಳಿದ್ದು ಸಹೀಹ್ ಮುಸ್ಲಿಂ ಅನ್ನೋ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿಯವರು ವುಝೂ ಮಾಡಿದಾಗ ಮುಂದಲೆ ಸವರಿದರು, ಪೇಟದ ಮೇಲೂ ಸವರಿದರು ಅಂತ. ಅರಬಿಯಲ್ಲಿ ಆ ಮುಂದಲೆಗೆ ‘ನಾಸಿಯಾ’ ಅನ್ನುತ್ತಾರೆ. ಹನಫಿಗಳು ಹೇಳೋದು ಏನೆಂದರೆ, ಆಯತ್ ಅಳತೆ ಬಿಚ್ಚಿ ಹೇಳಿಲ್ಲ, ಈ ಹದೀಸ್ ಬಿಚ್ಚಿ ಹೇಳಿತು, ನಾಸಿಯಾ ಅಂದರೆ ತಲೆಯ ಸುಮಾರು ಕಾಲು ಭಾಗ. ಹನಫಿಗಳ ‘ಹಿದಾಯ’ ಪುಸ್ತಕದಲ್ಲಿ ವುಝೂ ಪಾಠದ ಶುರುವಿನಲ್ಲೇ ಇದು ಬರುತ್ತದೆ.

ಹುಬ್ಳಿ_ಭಾಯ್
ಸರಿ, ಕಾಲು ಭಾಗ ಹದೀಸಿನಿಂದ ಬಂತು ಅಂತ ಒಪ್ಪಿದೆ. ಆದರೆ ತೀರ್ಪು ನಾನು ಹೇಳಿದ್ದೇ ತಾನೇ.

ಜುಬೈಲ್‌ನಿಂದ
ನಾನು ಭಟ್ಕಳದವನು, ಹನ್ನೊಂದು ವರ್ಷದಿಂದ ಸೌದಿಯಲ್ಲಿ ಕೆಲಸ. ಇಲ್ಲಿ ಎಲ್ಲರೂ ಎರಡೂ ಕೈ ಹಣೆಯಿಂದ ಕತ್ತಿನ ಹಿಂದಿನ ತನಕ ಒಯ್ದು ವಾಪಸ್ ತರುತ್ತಾರೆ. ಶುರುವಿನಲ್ಲಿ ನಾನು ಮುಂದಲೆ ಮುಟ್ಟಿ ಎದ್ದರೆ ಪಕ್ಕದವರು ನೋಡುತ್ತಿದ್ದರು. ಒಮ್ಮೆ ಮಸೀದಿಯಲ್ಲಿ ಒಬ್ಬ ಮುದುಕರ ಜೊತೆ ಚರ್ಚೆ ಆಯಿತು. ನಾನು ಈ ‘ಬಿ’ ವಾದವನ್ನೇ ಹೇಳಿದೆ. ಅವರು ಅದೇ ಆಯತ್‌ನ ಮುಂದಿನ ಸಾಲು ಓದಿದರು. ನೀರು ಸಿಗದಿದ್ದರೆ ಮಣ್ಣಿನಿಂದ ತಯಮ್ಮುಮ್ ಮಾಡಿ ಅನ್ನೋ ಸಾಲು. ಅಲ್ಲಿ "ಫಮ್‌ಸಹೂ ಬಿ-ವುಜೂಹಿಕುಂ" ಅಂತ ಇದೆ. ಅದೇ ಕ್ರಿಯಾಪದ, ಅದೇ ‘ಬಿ’, ತಲೆಯ ಬದಲು ಮುಖ. "ತಯಮ್ಮುಮ್‌ನಲ್ಲಿ ನೀನು ಗಲ್ಲ ಮಾತ್ರ ಸವರಿ ಬಿಡುತ್ತೀಯಾ?" ಅಂದರು. ನನ್ನ ಬಾಯಿ ಕಟ್ಟಿತು. ಶಾಫಿಗಳೂ ಅಲ್ಲಿ ಇಡೀ ಮುಖವನ್ನೇ ಸವರುತ್ತಾರೆ!

ಉಳ್ಳಾಲದವನು
ಅಯ್ಯೋ. ಇದು ನನಗೂ ಹೊಳೆದಿರಲಿಲ್ಲ. ಒಂದೇ ಆಯತ್‌ನಲ್ಲಿ ಒಂದು ‘ಬಿ’ ಭಾಗ, ಇನ್ನೊಂದು ‘ಬಿ’ ಇಡೀ?

ದರ್ಸ್‌ಬೆಂಚು
ಆ ಮುದುಕರು ಗಟ್ಟಿ ಏಟೇ ಕೊಟ್ಟಿದ್ದಾರೆ. ಶಾಫಿಗಳ ಉತ್ತರ ಹೀಗಿದೆ. ತಯಮ್ಮುಮ್ ಅನ್ನೋದು ತೊಳೆಯೋದರ ಬದಲಿಗೆ ಬಂದದ್ದು. ತೊಳೆಯುವಾಗ ಇಡೀ ಮುಖ ತೊಳೆಯಬೇಕು, ಹಾಗಾಗಿ ಬದಲಿಯೂ ಇಡೀ ಮುಖಕ್ಕೇ. ತಲೆ ಸವರೋದು ಯಾವುದರ ಬದಲಿಯೂ ಅಲ್ಲ, ಅದೇ ಮೂಲ. ಉತ್ತರ ಚೆನ್ನಾಗಿದೆ. ಆದರೆ ಈ ಉತ್ತರ ವ್ಯಾಕರಣದ್ದಲ್ಲ ಅನ್ನೋದನ್ನು ಗಮನಿಸಿ. ವ್ಯಾಕರಣ ಬಿಟ್ಟು ಹೊರಗೆ ಬಂದು ಕೊಟ್ಟ ಉತ್ತರ.

ಬಾಡಿಗೆಮನೆ
ಇಲ್ಲಿ ಒಂದು ಅಕ್ಷರದಿಂದ ಕಾನೂನು ಬದಲಾಗೋ ಮಾತು ಬಂದಿದ್ದಕ್ಕೆ ಕೇಳುತ್ತಿದ್ದೇನೆ. ನನ್ನ ಬಾಡಿಗೆ ಕರಾರಿನಲ್ಲಿ ‘31ನೇ ತಾರೀಖಿನವರೆಗೆ’ ಅಂತ ಇದೆ. ನಾನು 31ರ ಸಂಜೆ ಖಾಲಿ ಮಾಡಿದೆ. ಮಾಲೀಕರು 30ಕ್ಕೇ ಮುಗಿದಿತ್ತು ಅಂತ ಒಂದು ದಿನದ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಂಡರು. ‘ವರೆಗೆ’ ಅಂದರೆ ಆ ದಿನ ಸೇರುತ್ತಾ ಇಲ್ವಾ?

ತಾಲೂಕು_ವಕೀಲೆ
ಸೇರುತ್ತದೆ ಅಂತ ವಾದಿಸಬಹುದು. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 9ನೇ ಸೆಕ್ಷನ್ ಪ್ರಕಾರ ‘ಇಂದ’ ಅಂದರೆ ಮೊದಲ ದಿನ ಬಿಡಬೇಕು, ‘ವರೆಗೆ’ ಅಂದರೆ ಕೊನೆಯ ದಿನ ಸೇರಿಸಬೇಕು. ಆದರೆ ಅದು ಕೇಂದ್ರದ ಕಾಯ್ದೆಗಳನ್ನು ಓದಲು ಮಾಡಿದ ನಿಯಮ, ನಿಮ್ಮ ಕರಾರಿಗೆ ನೇರವಾಗಿ ಬರೋದಿಲ್ಲ. ಕರಾರಿನ ಉಳಿದ ಸಾಲುಗಳನ್ನೂ ನೋಡಬೇಕು. ಒಂದು ದಿನದ ಬಾಡಿಗೆಗೆ ಕೋರ್ಟಿಗೆ ಹೋಗಬೇಡಿ ಅನ್ನೋದು ಉಚಿತ ಸಲಹೆ.

ದರ್ಸ್‌ಬೆಂಚು
ಮೇಡಂ, ನಮ್ಮಲ್ಲೂ ಇದೇ ಇದೆ! ‘ಕೈಗಳನ್ನು ಮೊಣಕೈವರೆಗೆ’ ಅಂತ ಅದೇ ಆಯತ್‌ನಲ್ಲಿದೆ, ಅರಬಿಯಲ್ಲಿ ‘ಇಲಾ’. ಮೊಣಕೈ ಸೇರುತ್ತದೋ ಇಲ್ಲವೋ? ಅಬೂ ಹನೀಫಾ ಅವರ ಶಿಷ್ಯ ಝುಫರ್ ಸೇರೋದಿಲ್ಲ ಅಂದರು. ಅವರ ಹತ್ತಿರ ಒಳ್ಳೆ ಸಾಕ್ಷಿ ಇತ್ತು. ಎರಡನೇ ಸೂರಾದಲ್ಲಿ ‘ಉಪವಾಸವನ್ನು ರಾತ್ರಿವರೆಗೆ ಪೂರೈಸಿ’ ಅಂತ ಅದೇ ‘ಇಲಾ’ ಇದೆ, ರಾತ್ರಿ ಯಾರೂ ಉಪವಾಸ ಇರೋದಿಲ್ಲ.

ಉಳಿದ ಹನಫಿಗಳ ಉತ್ತರ ನನಗೆ ಬಹಳ ಇಷ್ಟ. ‘ವರೆಗೆ’ ಎರಡು ಥರ ಕೆಲಸ ಮಾಡುತ್ತದೆ. ಅರಬಿಯಲ್ಲಿ ‘ಕೈ’ ಅಂದರೆ ಬೆರಳಿನಿಂದ ಕಂಕುಳವರೆಗೂ ಹೋಗುತ್ತದೆ. ‘ಮೊಣಕೈವರೆಗೆ’ ಅನ್ನದೇ ಹೋಗಿದ್ದರೆ ಭುಜದ ತನಕ ತೊಳೆಯಬೇಕಿತ್ತು. ಹಾಗಾಗಿ ಇಲ್ಲಿ ‘ವರೆಗೆ’ ಬಂದಿರೋದು ಆಚೆಯದನ್ನು ಕತ್ತರಿಸಲು, ಮೊಣಕೈ ಒಳಗೇ ಉಳಿಯುತ್ತದೆ. ಉಪವಾಸ ಹಾಗಲ್ಲ. ಒಂದು ಗಳಿಗೆ ತಿನ್ನದೆ ಇದ್ದರೂ ಅದಕ್ಕೆ ಉಪವಾಸ ಅನ್ನಬಹುದು. ಅಲ್ಲಿ ‘ವರೆಗೆ’ ಬಂದಿರೋದು ಎಳೆದು ಉದ್ದ ಮಾಡಲು, ಹಾಗಾಗಿ ಮುಟ್ಟುವ ಗಡಿ ಹೊರಗೆ ಉಳಿಯುತ್ತದೆ.

ಬಾಡಿಗೆಮನೆ
ನನ್ನ ಕರಾರಿನಲ್ಲಿ ಎಳೆದಿದ್ದೋ ಕತ್ತರಿಸಿದ್ದೋ?

ತಾಲೂಕು_ವಕೀಲೆ
ಮಾಲೀಕರು ಕತ್ತರಿಸಿದ್ದಾರೆ. 😄

ಪದಕೋಶ
ಮತ್ತೆ ‘ಬಿ’ಗೆ ಬರೋಣ. ನನ್ನ ಪ್ರಶ್ನೆ ಇದು: ಅರಬಿ ವ್ಯಾಕರಣದವರು ಏನು ಹೇಳುತ್ತಾರೆ? ಧರ್ಮಶಾಸ್ತ್ರದ ಹಂಗಿಲ್ಲದೆ, ಸುಮ್ನೆ ಭಾಷೆ ನೋಡಿದರೆ ‘ಬಿ’ಗೆ ‘ಭಾಗ’ ಅನ್ನೋ ಅರ್ಥ ಇದೆಯಾ?

ದರ್ಸ್‌ಬೆಂಚು
ಅಲ್ಲೇ ನೋಡಿ ಒಡಕು. 1002ರಲ್ಲಿ ತೀರಿಕೊಂಡ ಇಬ್ನ್ ಜಿನ್ನೀ ದೊಡ್ಡ ವೈಯಾಕರಣ. ಅವರು ಬರೆದಿದ್ದಾರೆ, ಶಾಫಿ ಅವರ ಶಿಷ್ಯರು ‘ಬಿ’ಗೆ ಭಾಗದ ಅರ್ಥ ಇದೆ ಅಂತ ಹೇಳುತ್ತಾರಲ್ಲ, ಅದು ನಮ್ಮವರಿಗೆ ಗೊತ್ತೇ ಇಲ್ಲ ಅಂತ. ಅಂದರೆ ವ್ಯಾಕರಣದ ಅಂಗಡಿಯಲ್ಲಿ ಇಂಥ ಮಾಲೇ ಇಲ್ಲ ಅಂತ ಬಾಗಿಲು ಹಾಕಿದ ಹಾಗೆ.

ಆದರೆ ಇನ್ನೊಂದು ಗುಂಪು ಇದೆ. ಅಸ್ಮಈ, ಅಬೂ ಅಲೀ ಫಾರಿಸೀ, ಆಮೇಲೆ ಇಬ್ನ್ ಮಾಲಿಕ್ ಇವರೆಲ್ಲ ಆ ಅರ್ಥ ಇದೆ ಅನ್ನುತ್ತಾರೆ. ಅವರ ಸಾಕ್ಷಿ 76ನೇ ಸೂರಾದ ಆರನೇ ಆಯತ್: ಅಲ್ಲಾಹನ ದಾಸರು ‘ಬಿಹಾ’, ಅಂದರೆ ‘ಬಿ’ ಜೊತೆ ‘ಅದು’, ಕುಡಿಯುವ ಒಂದು ಚಿಲುಮೆ. ಚಿಲುಮೆಯನ್ನೇ ಪೂರ್ತಿ ಕುಡಿಯೋಕೆ ಆಗೋದಿಲ್ಲ, ಅದರಲ್ಲಿ ಸ್ವಲ್ಪ ಕುಡಿಯುತ್ತಾರೆ, ಅಲ್ವಾ? ಅದಕ್ಕೆ ಎದುರಿನವರು ಹೇಳೋದು, ಇಲ್ಲಿ ‘ಕುಡಿಯು’ ಒಳಗೆ ‘ದಾಹ ತೀರಿಸಿಕೊಳ್ಳು’ ಅನ್ನೋ ಕ್ರಿಯೆ ಅಡಗಿದೆ, ‘ಬಿ’ ಆ ಅಡಗಿದ ಕ್ರಿಯೆಗೆ ಸೇರಿದ್ದು ಅಂತ. ಇಲ್ಲಿಗೆ ನಿಂತಿದೆ. ಯಾರೂ ಗೆದ್ದಿಲ್ಲ.

ಇಬ್ನ್ ಜಿನ್ನೀ ಬರೆದದ್ದು ಓದಿ ಶಾಫಿಗಳು ತೀರ್ಪು ಬದಲಿಸಲಿಲ್ಲ. ಫಾರಿಸೀ ಹೇಳಿದ್ದಕ್ಕೆ ಮಾಲಿಕಿಗಳೂ ಬದಲಿಸಲಿಲ್ಲ.

ಪದಕೋಶ
ಹಾಗಾದರೆ ಸೀದಾ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತೀರ್ಪು ಮೊದಲು ಬಂದು, ಅದಕ್ಕೆ ವ್ಯಾಕರಣದ ಅಂಗಿ ಆಮೇಲೆ ತೊಡಿಸಿದರಾ?

ದರ್ಸ್‌ಬೆಂಚು
ಬೇಸರ ಏನಿಲ್ಲ ಸರ್. ನಮ್ಮ ಕಡೆ ದರ್ಸ್‌ನಲ್ಲಿ ಇದನ್ನು ಕೇಳಿದರೆ ಉಸ್ತಾದರು ಕಿವಿ ಹಿಂಡುತ್ತಿದ್ದರು, ಅಷ್ಟೇ. ನನಗೆ ಅನಿಸೋದು: ಸ್ವಲ್ಪ ಮಟ್ಟಿಗೆ ಹೌದು. ಇಮಾಂ ಶಾಫಿ ಅವರೇ ವಾದ ಮಾಡಿದ ರೀತಿ ನೋಡಿ. ತಲೆಯ ಯಾವುದೋ ಒಂದು ಭಾಗ ಸವರಿದವನೂ ‘ತಲೆ ಸವರಿದ’ ಅಂತಲೇ ಆಗುತ್ತದೆ, ಆಯತ್‌ಗೆ ಈ ಅರ್ಥವೂ ಹೊಂದುತ್ತದೆ, ಇಡೀ ತಲೆ ಅನ್ನೋ ಅರ್ಥವೂ ಹೊಂದುತ್ತದೆ, ಎರಡರಲ್ಲಿ ಯಾವುದು ಅನ್ನೋದನ್ನು ಸುನ್ನತ್, ಅಂದರೆ ಪ್ರವಾದಿಯವರ ನಡೆ, ತೋರಿಸಿತು. ಇಷ್ಟೇ ಅವರ ದಾರಿ. ‘ಬಿ’ಗೆ ಇಂಥದೇ ಅರ್ಥ ಅಂತ ಪಟ್ಟು ಹಿಡಿದದ್ದು ಹೆಚ್ಚಾಗಿ ಅವರ ನಂತರದವರು.

ಮಾಲಿಕಿಗಳ ಕೈಯಲ್ಲೂ ಹದೀಸ್ ಇದೆ. ಅಬ್ದುಲ್ಲಾಹ್ ಇಬ್ನ್ ಝೈದ್ ತೋರಿಸಿಕೊಟ್ಟ ವುಝೂ, ಕೈ ಮುಂದಿನಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ. ಜುಬೈಲ್‌ನವರು ನೋಡಿದ್ದು ಅದೇ. ವ್ಯಾಕರಣ ಬಾಗಿಲು ತೆರೆಯುತ್ತದೆ, ಒಳಗೆ ಯಾರನ್ನು ಬಿಡಬೇಕು ಅನ್ನೋದನ್ನು ಹದೀಸ್ ನೋಡಿಕೊಳ್ಳುತ್ತದೆ. ಆದರೆ ಆಯತ್‌ನಲ್ಲಿ ‘ಬಿ’ ಇಲ್ಲದೇ ಹೋಗಿದ್ದರೆ ಬಾಗಿಲೇ ಇರುತ್ತಿರಲಿಲ್ಲ, ಮುಖದ ಹಾಗೆ ತಲೆಯೂ ಪೂರ್ತಿ ಅಂತ ಎಲ್ಲರೂ ಹೇಳುತ್ತಿದ್ದರು ಅಂತ ನನ್ನ ಅಂದಾಜು.

ಹುಬ್ಳಿ_ಭಾಯ್
ಕೊನೆಯ ಮಾತು ಒಪ್ಪೋದಿಲ್ಲ. ಮುಗೀರಾ ಹದೀಸ್ ಇದ್ದೇ ಇರುತ್ತಿತ್ತಲ್ಲ. ‘ಬಿ’ ಇಲ್ಲದಿದ್ದರೂ ನಮ್ಮವರು ಕಾಲು ಭಾಗಕ್ಕೇ ಬರುತ್ತಿದ್ದರು.

ದರ್ಸ್‌ಬೆಂಚು
ಬರೋದು ಕಷ್ಟ ಇತ್ತು ಭಾಯ್. ಹನಫಿ ಉಸೂಲ್‌ನಲ್ಲಿ, ಅಂದರೆ ತೀರ್ಪು ತೆಗೆಯುವ ನಿಯಮಗಳಲ್ಲಿ, ಆಯತ್ ಸ್ಪಷ್ಟ ಇದ್ದರೆ ಒಬ್ಬಿಬ್ಬರು ವರದಿ ಮಾಡಿದ ಹದೀಸಿನಿಂದ ಅದನ್ನು ಕಡಿಮೆ ಮಾಡೋಕೆ ಬಿಡೋದಿಲ್ಲ. ಆಯತ್ ಅಸ್ಪಷ್ಟ ಇದ್ದರೆ ಮಾತ್ರ ಹದೀಸ್ ಅದನ್ನು ಬಿಚ್ಚಿ ಹೇಳಬಹುದು. ಆ ಅಸ್ಪಷ್ಟತೆ ತಂದುಕೊಟ್ಟದ್ದೇ ‘ಬಿ’.

ಹುಬ್ಳಿ_ಭಾಯ್
ನಮ್ಮ ಮೌಲಾನಾರನ್ನು ಕೇಳಿ ಬರುತ್ತೇನೆ. ಬಿಡೋದಿಲ್ಲ ನಿಮ್ಮನ್ನು.

ಕಾಫಿತೋಟ
ಹೆಂಗಸರ ಕಡೆಯಿಂದ ಒಂದು ಮಾತು. ನಿಮಗೆ ಇದು ವಾದ, ನಮಗೆ ದಿನಾ ಬರುವ ಕೆಲಸ. ಬಸ್ ಸ್ಟ್ಯಾಂಡಿನಲ್ಲಿ ಹಿಜಾಬ್ ಬಿಚ್ಚದೆ ವುಝೂ ಮಾಡಬೇಕು ಅಂದಾಗ ಬೆರಳು ಒಳಗೆ ತೂರಿಸಿ ಮುಂದಲೆ ಮುಟ್ಟಿದರೆ ಶಾಫಿಯಾದ ನನ್ನ ಅತ್ತಿಗೆಗೆ ಆಯಿತು. ನಾನು ಚಿಕ್ಕಮಗಳೂರಿನವಳು, ನಮ್ಮ ಮನೆ ಹನಫಿ. ನಾನು ಪಿನ್ನೆಲ್ಲ ತೆಗೆದು ಮತ್ತೆ ಕಟ್ಟಬೇಕು. ಒಮ್ಮೆ ಸಿಟ್ಟಿಗೆ ಜಡೆಯ ತುದಿ ಒದ್ದೆ ಮಾಡಿ ‘ಕೂದಲು ಸವರಿದೆ’ ಅಂದೆ. ಅತ್ತಿಗೆ ಬಿದ್ದು ಬಿದ್ದು ನಕ್ಕಳು.

ದರ್ಸ್‌ಬೆಂಚು
ಅಕ್ಕಾ, ಜಡೆ ಶಾಫಿಗಳಲ್ಲೂ ನಡೆಯೋದಿಲ್ಲ. ಒಂದು ಕೂದಲು ಸಾಕು, ಆದರೆ ಸವರಿದ ಜಾಗ ತಲೆಯ ಗಡಿಯೊಳಗೇ ಇರಬೇಕು. ಕೆಳಗೆ ಇಳಿಬಿದ್ದದ್ದು ‘ತಲೆ’ ಅಲ್ಲ.

ಸುಮ್ನೆ_ಓದುಗ
ಈ ಒಂದು ಅಕ್ಷರದ ಆಟದಿಂದಲೇ ತ್ರಿವಳಿ ತಲಾಖ್ ಬಂತು ಅನ್ನಿ.

ತಾಲೂಕು_ವಕೀಲೆ
ಅದು ಬೇರೆ ವಿಷಯ, ಇಲ್ಲಿಗೆ ಎಳೆಯಬೇಡಿ. ಒಂದೇ ಉಸಿರಿಗೆ ಮೂರು ತಲಾಖ್ ಅನ್ನೋದನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು, 2019ರಲ್ಲಿ ಕಾಯ್ದೆಯೂ ಬಂತು.

ದರ್ಸ್‌ಬೆಂಚು
ಮೇಡಂ ಸರಿ. ಆದರೆ ತಲಾಖ್ ಹೆಸರು ಬಂದಿದ್ದಕ್ಕೆ ಒಂದು ಹಳೆ ಕಥೆ ಹೇಳಿಬಿಡುತ್ತೇನೆ, ಅದು ‘ಬಿ’ಗಿಂತ ಚಿಕ್ಕದರ ಮೇಲೆ ನಿಂತಿದೆ.

ಹಾರೂನ್ ರಶೀದ್ ಕಾಲದ ಬಗ್ದಾದ್. ಒಂದು ಕಡೆ ನ್ಯಾಯಾಧೀಶ ಅಬೂ ಯೂಸುಫ್, ಇನ್ನೊಂದು ಕಡೆ ವೈಯಾಕರಣ ಕಿಸಾಈ. ಕಿಸಾಈ ಕೇಳಿದರಂತೆ: ಒಬ್ಬ ಗಂಡ ಹೆಂಡತಿಗೆ ‘ಅಂತಿ ತಾಲಿಕುನ್ ಅನ್ ದಖಲ್ತಿದ್ದಾರ’ ಅಂದ, ಏನಾಯಿತು? ಅಬೂ ಯೂಸುಫ್ ಹೇಳಿದರು, ಅವಳು ಆ ಮನೆಗೆ ಹೋದರೆ ತಲಾಖ್ ಆಗುತ್ತದೆ. ಕಿಸಾಈ ಹೇಳಿದರು, ತಪ್ಪು, ಆಗಿಹೋಯಿತು! ‘ಇನ್’ ಅಂದಿದ್ದರೆ ‘ನೀನು ಹೋದರೆ’. ಅವನು ಅಂದದ್ದು ‘ಅನ್’. ಅಂದರೆ ‘ನೀನು ಹೋದದ್ದಕ್ಕೆ’. ಷರತ್ತು ಅಲ್ಲ, ಕಾರಣ. ಅಕ್ಷರ ಅದೇ, ಮೇಲಿನ ಒಂದು ಸ್ವರ ಬೇರೆ. ಇದೇ ಕಥೆ ಬೇರೆ ಬೇರೆ ಹೆಸರುಗಳ ಮೇಲೂ ಓಡಾಡುತ್ತದೆ, ಹಾಗಾಗಿ ಹೀಗೇ ನಡೆಯಿತು ಅಂತ ನಾನು ಆಣೆ ಮಾಡೋದಿಲ್ಲ. ವ್ಯಾಕರಣದವರು ತಮ್ಮ ಹೆಚ್ಚುಗಾರಿಕೆ ತೋರಿಸಲು ಹೇಳಿಕೊಂಡು ಬಂದ ಕಥೆ ಅನ್ನೋ ವಾಸನೆ ಇದೆ.

ಪದಕೋಶ
‘ಹೋದರೆ’, ‘ಹೋದದ್ದಕ್ಕೆ’. ಭಲೇ. ಆದರೆ ಪಾಪ, ಆ ಗಂಡನಿಗೆ ವ್ಯಾಕರಣ ಗೊತ್ತಿತ್ತಾ? ನಾಲಿಗೆ ತೊದಲಿ ಒಂದು ಸ್ವರ ಆಚೆ ಈಚೆ ಆದರೆ ಸಂಸಾರ ಮುರಿಯಬೇಕಾ?

ದರ್ಸ್‌ಬೆಂಚು
ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿಗರಲ್ಲ ಸರ್. 13ನೇ ಶತಮಾನದ ಶಾಫಿ ಪಂಡಿತ ನವವೀ, ‘ಮಿನ್‌ಹಾಜ್’ ಅನ್ನೋ ಪುಸ್ತಕದಲ್ಲಿ ಇದೇ ವಾಕ್ಯ ಎತ್ತಿಕೊಳ್ಳುತ್ತಾರೆ. ‘ಅನ್’ ಅಂದರೆ ಆಗಲೇ ತಲಾಖ್ ಆಯಿತು. ಆಮೇಲೆ ‘ನಾನು ಹೇಳುತ್ತೇನೆ’ ಅಂತ ಶುರುಮಾಡಿ ತಮ್ಮದೊಂದು ಮಾತು ಸೇರಿಸುತ್ತಾರೆ: ಹೇಳಿದವನು ವ್ಯಾಕರಣ ಬಲ್ಲವನಲ್ಲದಿದ್ದರೆ ಹಾಗಲ್ಲ, ಆಗ ಅದು ಬರೀ ಷರತ್ತು, ಹೆಚ್ಚು ಸರಿಯಾದ ಅಭಿಪ್ರಾಯ ಅದೇ ಅಂತ.

ನೋಡಿ, ಅದೇ ಮಾತು, ಅದೇ ಸ್ವರ. ವ್ಯಾಕರಣ ಓದಿದವನ ಬಾಯಲ್ಲಿ ಬಂದರೆ ಸಂಸಾರ ಮುರಿಯಿತು. ಓದದವನ ಬಾಯಲ್ಲಿ ಬಂದರೆ ಉಳಿಯಿತು.

ಕಾಫಿತೋಟ
ಹೆಣ್ಣು ಕೊಡುವ ಮುಂಚೆ ಹುಡುಗ ಅರಬಿ ವ್ಯಾಕರಣ ಓದಿದ್ದಾನಾ ಅಂತ ವಿಚಾರಿಸಬೇಕು. ಓದಿದ್ದರೆ ಬೇಡ.

ದರ್ಸ್‌ಬೆಂಚು
ನನಗೆ ಇನ್ನೂ ಮದುವೆ ಆಗದಿರೋದಕ್ಕೆ ಇದೇ ಕಾರಣ ಇರಬೇಕು.

ಉಳ್ಳಾಲದವನು
ಎಲ್ಲ ಓದಿದೆ. ಈಗ ನನ್ನ ಶುಕ್ರವಾರದ ಕಥೆ ಹೇಳಿ. ಎರಡು ಬೆರಳು, ಮುಂದಲೆ. ನಮಾಜ್ ಮತ್ತೆ ಮಾಡಬೇಕಾ?

ದರ್ಸ್‌ಬೆಂಚು
ನೀವು ಶಾಫಿ, ತಲೆಯ ಗಡಿಯೊಳಗೆ ನೀರು ತಾಗಿದೆ, ಆಗಿದೆ. ಮಾಡಬೇಕಿಲ್ಲ. ನಿಮ್ಮ ಗೆಳೆಯ ಅದೇ ಎರಡು ಬೆರಳಲ್ಲಿ ಮುಗಿಸಿದ್ದರೆ ಅವರ ಲೆಕ್ಕದಲ್ಲಿ ಅವರು ಮತ್ತೆ ಮಾಡಬೇಕಿತ್ತು. ಇಡೀ ತಲೆ ಸವರೋದೇ ಒಳ್ಳೆಯದು ಅಂತ ನಾಲ್ಕೂ ಕಡೆಯವರು ಹೇಳುತ್ತಾರೆ, ಜಗಳ ಇರೋದು ಕನಿಷ್ಠ ಎಷ್ಟು ಅನ್ನೋದರ ಮೇಲೆ ಮಾತ್ರ. ಮನೆಯಲ್ಲಿ ಶಾಂತಿ ಬೇಕಿದ್ದರೆ ಮುಂದಿನ ಶುಕ್ರವಾರ ಪೂರ್ತಿ ಸವರಿ, ಐದು ಸೆಕೆಂಡ್ ಜಾಸ್ತಿ.

ಉಳ್ಳಾಲದವನು
ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನು ಈಗ ಹೊಸ ಪ್ರಶ್ನೆ ತೆಗೆದಿದ್ದಾನೆ. ನಾನು ಒಂದು ಕೂದಲಿನ ವುಝೂ ಮಾಡಿ ರೂಮಿನಲ್ಲಿ ಮುಂದೆ ನಿಂತು ಇಮಾಮತ್ ಮಾಡಿದರೆ ನನ್ನ ಹಿಂದೆ ಅವನ ನಮಾಜ್ ಆಗುತ್ತಾ ಅಂತ.

ಹುಬ್ಳಿ_ಭಾಯ್
ಆಗೋದಿಲ್ಲ.

ಜುಬೈಲ್‌ನಿಂದ
ಯಾಕೆ ಆಗೋದಿಲ್ಲ? ಇಮಾಮನ ಮದ್ಹಬ್‌ನಲ್ಲಿ ಆಗಿದೆಯಲ್ಲ.

ದರ್ಸ್‌ಬೆಂಚು
ಇದಕ್ಕೆ ಬೇರೆ ಥ್ರೆಡ್ ತೆರೆಯಿರಿ. ಅಲ್ಲಿ ನನ್ನನ್ನು ಕರೆಯಬೇಡಿ, ನಾಳೆ ಬೆಳಿಗ್ಗೆ ಕ್ಲಾಸ್ ಇದೆ.

ಬಾಡಿಗೆಮನೆ
ಮಾಲೀಕರಿಗೆ ‘ಇಲಾ’ ಬಗ್ಗೆ ಮೆಸೇಜ್ ಹಾಕಿದ್ದೇನೆ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.